ನನ್ನ ಊಟ ತಿಂದವನ ತೂಕ

ಅರವತ್ತು ಕೆ.ಜಿ. ಕಬಡ್ಡಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಏರಿಯಾ ಪಂದ್ಯಗಳಲ್ಲಿ ತೂಕ ನೋಡಿ ತಂಡ ಕಟ್ಟುತ್ತಾರೆ. ಪಂದ್ಯದ ದಿನ ಬೆಳಿಗ್ಗೆ ಅಂಕಣದ ಪಕ್ಕ ಒಂದು ತೂಕದ ಮಷೀನ್ ಇಟ್ಟಿರುತ್ತಾರೆ. ಹತ್ತಿ ನಿಂತಾಗ ಅರವತ್ತು ದಾಟಿತೋ, ನೀವು ಎಂಥಾ ಆಟಗಾರರಾದರೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆಯಬೇಕು. ಹಾಗಾಗಿ ಪಂದ್ಯಕ್ಕೆ ವಾರ ಇದೆ ಅನ್ನುವಾಗ ನಮ್ಮ ಹುಡುಗರೆಲ್ಲ ರಾತ್ರಿ ಊಟ ಬಿಡುತ್ತಾರೆ, ಮಟಮಟ ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು ಓಡುತ್ತಾರೆ. ನಾನು ಹೆಗ್ಗನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು. ಹಗಲೆಲ್ಲ ಕಬ್ಬಿಣ ಸವೆಸಿ, ಸಂಜೆ ಕಬಡ್ಡಿ ಆಡಿ, ಹತ್ತು ವರ್ಷ ಆ ಅರವತ್ತರ ಒಳಗೇ ಬಾಳಿದ್ದೆ. ಮೂವತ್ತೊಂದು ವಯಸ್ಸಾದರೂ ಹೊಟ್ಟೆ ಬಂದಿಲ್ಲ ಎಂದು ಕನ್ನಡಿ ಮುಂದೆ ನಿಂತು ಮೆರೆಯುವಷ್ಟು ಜಂಬ ಇತ್ತು.

ಕಾಲು ಮುರಿದದ್ದು ಪಂದ್ಯದಲ್ಲೂ ಅಲ್ಲ, ಒಂದು ಸಂಜೆಯ ಪ್ರಾಕ್ಟೀಸಿನಲ್ಲಿ. ರೈಡ್ ಹೋದ ನನ್ನನ್ನು ನಾಲ್ಕು ಜನ ಹಿಡಿದು ಕೆಡವಿದರು. ಅವರ ಭಾರವೆಲ್ಲ ಬಲಗಾಲಿನ ಮೇಲೆ ಬಿತ್ತು. ಒಳಗಿಂದ ಒಣಕಟ್ಟಿಗೆ ಮುರಿದ ಹಾಗೆ ಸದ್ದು ಕೇಳಿಸಿತು. ವಿಜಯನಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದಿದೆ, ಆದರೆ ಜಾಗ ಬಿಟ್ಟು ಜರುಗಿಲ್ಲ, ಆಪರೇಷನ್ ಇಲ್ಲದೆ ಪಟ್ಟಿ ಹಾಕಿಯೇ ನೋಡೋಣ ಎಂದರು. ತೊಡೆಯಿಂದ ಪಾದದವರೆಗೆ ಸಿಮೆಂಟ್ ಪಟ್ಟಿ ಬಿತ್ತು. ಆಪರೇಷನ್ ಇಲ್ಲ ಎಂದದ್ದಕ್ಕೆ ನಾನು ಅಲ್ಲೇ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಡಾಕ್ಟರಿಗೆ ಕೈಮುಗಿದೆ. ಚಾಕು, ಸೂಜಿ ಅಂದರೆ ನನಗೆ ಮೊದಲಿಂದಲೂ ಪ್ರಾಣಭಯ.

ಮನೆಗೆ ಬಂದು ಮಂಚ ಹಿಡಿದವನಿಗೆ ಮೂಳೆಯ ಚಿಂತೆ ಒಂದು ದಿನ ಇತ್ತು. ಎರಡನೇ ದಿನದಿಂದ ತೂಕದ ಚಿಂತೆ ಶುರುವಾಯಿತು. ಓಡಾಟ ಇಲ್ಲ, ಆಟ ಇಲ್ಲ, ಲೇತ್ ಮುಂದೆ ನಿಲ್ಲುವುದೂ ಇಲ್ಲ. ಮೂರು ಹೊತ್ತು ತಿಂದು ಬಿದ್ದುಕೊಂಡರೆ ಎಪ್ಪತ್ತು ಕೆ.ಜಿ. ಆಗಿ ಏಳುತ್ತೇನೆ, ನನ್ನ ಜಾಗಕ್ಕೆ ಬೇರೆ ಯಾರನ್ನೋ ಹಾಕಿಕೊಳ್ಳುತ್ತಾರೆ ಎಂದು ಹೆದರಿಕೆ. ಆಡದವನಿಗೆ ಅನ್ನ ಯಾಕೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳುವ ಜಾಯಮಾನವೇ ನನ್ನದಲ್ಲ.

ನನ್ನ ಹೆಂಡತಿ ಹಾವೇರಿ ಕಡೆಯವಳು. ಸುಂಕದಕಟ್ಟೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಹೊರಡುವ ಮುಂಚೆ ಮೂರಂತಸ್ತಿನ ಡಬ್ಬಿ ತುಂಬಿ ನನ್ನ ಮಂಚದ ಪಕ್ಕ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದಳು. ಒಂದರಲ್ಲಿ ರೊಟ್ಟಿ, ಒಂದರಲ್ಲಿ ಕಾಳುಪಲ್ಯವೋ ಮೊಟ್ಟೆಯೋ, ಒಂದರಲ್ಲಿ ಅನ್ನ ಮೊಸರು. ಜೊತೆಗೆ ಫ್ಲಾಸ್ಕಿನಲ್ಲಿ ಕಾಲ್ ಸೂಪು. ಕುರಿಕಾಲು ಬೇಯಿಸಿದ ಸೂಪು ಕುಡಿದರೆ ಮುರಿದ ಕಾಲು ಕೂಡುತ್ತದೆ ಎನ್ನುವುದನ್ನು ನಮ್ಮ ಬೀದಿಯಲ್ಲಿ ಹುಟ್ಟಿದ ಮಗುವೂ ಹೇಳುತ್ತದೆ. ನಾನು ಅದನ್ನು ನನಗೆ ಬೇಕಾದ ಹಾಗೆ ತಿರುಗಿಸಿಕೊಂಡೆ. ಮೂಳೆಗೆ ಬೇಕಾದದ್ದೆಲ್ಲ ಸೂಪಿನಲ್ಲಿದೆ, ಸೂಪು ಕುಡಿದರೆ ತೂಕ ಏರುವುದಿಲ್ಲ, ಆದ್ದರಿಂದ ಸೂಪು ಸಾಕು. ಎಂಥಾ ಬುದ್ಧಿವಂತಿಕೆ ನೋಡಿ!

ಹಾಗಾದರೆ ಡಬ್ಬಿಯ ಗತಿ? ಅದಕ್ಕೆ ಗಿರಾಕಿ ತಾನಾಗೇ ಸಿಕ್ಕಿದ. ನಮ್ಮ ತಂಡದಲ್ಲಿ ಎಡ ಕಾರ್ನರ್ ಆಡುವ ಗೆಳೆಯ ನನ್ನ ವರ್ಕ್‌ಶಾಪಿನಲ್ಲೇ ಪಕ್ಕದ ಮಷೀನಿನವನು. ಮಧ್ಯಾಹ್ನ ಒಂದಕ್ಕೆ ಊಟದ ಬೆಲ್ ಆದ ಕೂಡಲೇ ನನ್ನನ್ನು ನೋಡಲು ಬರುತ್ತಿದ್ದ. ರೂಮಿನಲ್ಲಿ ಒಬ್ಬನೇ ಇರುವವನು, ಹೋಟೆಲಿನ ಚಿತ್ರಾನ್ನ ತಿಂದು ತಿಂದು ನಾಲಗೆ ಸತ್ತವನು.

"ಮಗಾ, ನೀನ್ ತಿನ್ನಲ್ವಾ?" ಎಂದು ಮೊದಲ ದಿನ ಕೇಳಿದ.

"ಹಸಿವಿಲ್ಲ ಕಣೋ. ನೀನೇ ಹೊಡಿ. ಅವಳಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ."

"ಅತ್ತಿಗೆ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಗುರು" ಎನ್ನುತ್ತಾ ಮೂರಂತಸ್ತನ್ನೂ ಬಳಿದಿಟ್ಟ. ಮರುದಿನದಿಂದ ಅವನು ಹಸಿವಿಲ್ಲವೇ ಎಂದು ಕೇಳುವುದನ್ನೂ ಬಿಟ್ಟ. ಕೈತೊಳೆದುಕೊಂಡೇ ಒಳಗೆ ಬರುತ್ತಿದ್ದ. ಸಂಜೆ ಹೆಂಡತಿ ಬಂದು ಖಾಲಿ ಡಬ್ಬಿ ನೋಡಿ "ಚಲೋ ಉಂಡೀರಿ" ಎಂದು ಖುಷಿಪಡುತ್ತಿದ್ದಳು. ರಾತ್ರಿ ಅವಳ ಕಣ್ಣೆದುರು ಅರ್ಧ ರೊಟ್ಟಿ ತಿಂದು, ಮಧ್ಯಾಹ್ನ ಜಾಸ್ತಿ ಆಯ್ತು ಎಂದು ಏಳುತ್ತಿದ್ದೆ.

ಇದು ಸಾಲದು ಎಂದು ವ್ಯಾಯಾಮ ಬೇರೆ. ಗೆಳೆಯನಿಂದ ವರ್ಕ್‌ಶಾಪಿನ ಕಬ್ಬಿಣದ ಶಾಫ್ಟ್ ತುಂಡು ಎರಡು ತರಿಸಿಕೊಂಡಿದ್ದೆ, ಒಂದೊಂದೂ ನಾಲ್ಕು ಕೆ.ಜಿ. ಮಂಚದ ಮೇಲೆ ಕೂತು ಬೆಳಿಗ್ಗೆ ಸಂಜೆ ಅದನ್ನು ತಲೆ ಮೇಲೆ ಎತ್ತಿ ಇಳಿಸುವುದು, ಒಳ್ಳೆಯ ಕಾಲನ್ನು ನೂರು ಸಲ ಎತ್ತುವುದು, ಹೊಟ್ಟೆಗೆ ಬೇರೆ ಕಸರತ್ತು. ಬೆವರು ಸುರಿದರೆ ಏನೋ ಸಮಾಧಾನ. ವಾರಕ್ಕೊಮ್ಮೆ ಕಿಟಕಿ ಕಂಬಿ ಹಿಡಿದುಕೊಂಡು ತೂಕದ ಮಷೀನ್ ಹತ್ತುತ್ತಿದ್ದೆ. ಐವತ್ತೊಂಬತ್ತು ಇದ್ದದ್ದು ಪಟ್ಟಿಯ ಭಾರ ಸೇರಿಯೂ ಐವತ್ತೇಳು, ಐವತ್ತಾರೂವರೆ, ಐವತ್ತಾರು. ನನಗೆ ಕಪ್ ಗೆದ್ದಷ್ಟು ಸಂತೋಷ. ಮಧ್ಯಾಹ್ನದ ಹೊತ್ತು ಕಣ್ಣು ಕತ್ತಲೆ ಬರುತ್ತಿತ್ತು, ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಅದೆಲ್ಲ ಮಲಗಿ ಮಲಗಿ ಬಂದದ್ದು ಎಂದುಕೊಂಡೆ.

ಆರನೇ ವಾರಕ್ಕೆ ತೊಡೆಯ ಪಟ್ಟಿ ತೆಗೆದು ಮೊಣಕಾಲಿನವರೆಗಿನದನ್ನು ಹಾಕಿದರು. ಮೂಳೆ ಸ್ವಲ್ಪ ನಿಧಾನ ಎಂದರು. ಹನ್ನೆರಡನೇ ವಾರ ಮತ್ತೆ ಎಕ್ಸ್‌ರೇ ತೆಗೆಸಿದಾಗ ಡಾಕ್ಟರ ಮುಖ ಗಂಟಾಯಿತು. ಮುರಿದ ಗೆರೆ ಹಾಗೇ ಕಪ್ಪಗೆ ಕಾಣುತ್ತಿತ್ತು. ಈ ಹೊತ್ತಿಗೆ ಅದರ ಸುತ್ತ ಬೆಳ್ಳಗೆ ಹೊಸ ಮೂಳೆ ಕಟ್ಟಿಕೊಳ್ಳಬೇಕಿತ್ತಂತೆ.

"ಸಿಗರೇಟ್ ಇದೆಯಾ?" ಎಂದರು ಡಾಕ್ಟರು.

"ಇಲ್ಲ ಸಾರ್."

"ಶುಗರ್?"

"ಇಲ್ಲ ಸಾರ್."

ಅವರು ನನ್ನ ಹೆಂಡತಿಯ ಕಡೆ ತಿರುಗಿದರು. "ಊಟ ಸರಿಯಾಗಿ ಕೊಡ್ತಾ ಇದೀರೇನಮ್ಮಾ?"

"ಕೊಡ್ತೀನ್ರೀ ಸರ್. ದಿನಾ ಡಬ್ಬಿ ಖಾಲಿ ಇರ್ತೈತ್ರಿ" ಎಂದಳು. ಅವಳ ದನಿ ಇಳಿದುಹೋಗಿತ್ತು. ನಾನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರ ನೋಡುತ್ತಾ ಕೂತೆ.

ಡಾಕ್ಟರು ರಕ್ತಪರೀಕ್ಷೆಗೆ ಬರೆದರು, ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಹೋಗಿ ಎಂದೂ ಬರೆದರು. ಕೊನೆಗೆ ಹೇಳಿದರು: "ಇನ್ನು ಎಂಟು ವಾರ ನೋಡ್ತೀನಿ. ಆಗಲೂ ಹೀಗೇ ಇದ್ರೆ ಆಪರೇಷನ್ನೇ. ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಅಲ್ಲಿಗೆ ತುಂಬಿ, ಒಳಗೆ ರಾಡ್ ಹಾಕ್ಬೇಕಾಗುತ್ತೆ." ಒಂದು ಕಡೆ ಮುರಿದದ್ದಕ್ಕೆ ಇನ್ನೊಂದು ಕಡೆ ಕೊಯ್ಯುವುದು ಎಂದರೆ!

ಸಂಜೆ ಮಾಗಡಿ ಹತ್ತಿರದ ಹಳ್ಳಿಯಿಂದ ಅಮ್ಮ ಫೋನ್ ಮಾಡಿದಳು. ವಿಷಯ ಕೇಳಿ ಸೊಸೆಯನ್ನು ಕರೆಸಿಕೊಂಡಳು. ಅಮ್ಮನ ಗಂಟಲಿಗೆ ಸ್ಪೀಕರ್ ಬೇಕಾಗಿಲ್ಲ. "ಏನ್ ಹಾಕ್ತಿದೀಯವ್ವ ನನ್ ಮಗನಿಗೆ? ಆ ಒಣ ರೊಟ್ಟಿ ಬಡಿದ್ ಹಾಕುದ್ರೆ ಮೂಳೆ ಎಲ್ಲಿಂದ ಕೂಡ್ಬೇಕು? ಮುದ್ದೆ ಹಾಕು ಮುದ್ದೆ ಹಾಕು ಅಂತ ಬಡ್ಕೊಂಡೆ!" ಅವಳು "ಹೂನ್ರೀ ಅತ್ತಿ, ಹೂನ್ರೀ ಅತ್ತಿ" ಎನ್ನುತ್ತಲೇ ಇದ್ದಳು. ಫೋನ್ ಇಟ್ಟು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮೂಗು ಸೀಟುವ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಕಾಲು ಮುರಿದಿದೆ, ಏಳಲು ಆಗಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಆ ಸಂಜೆಯ ನನ್ನನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಳ್ಳತನ ಎಷ್ಟು ದಿನ ಮುಚ್ಚಿಟ್ಟರೂ ಒಂದು ದಿನ ಹೊರಗೆ ಬೀಳಲೇಬೇಕಲ್ಲ. ಅದರ ಮುಂದಿನ ಭಾನುವಾರ ಬಾಪೂಜಿನಗರದ ಒಂದು ಬಯಲಲ್ಲಿ ಪಂದ್ಯ ಇತ್ತು. ಹತ್ತು ಗಂಟೆಗೆಲ್ಲ ಗೆಳೆಯ ನಮ್ಮ ಮನೆ ಬಾಗಿಲಲ್ಲಿ. ಜರ್ಸಿ ಹಾಕಿಕೊಂಡೇ ಇದ್ದಾನೆ, ಮುಖ ಹರಳೆಣ್ಣೆ ಕುಡಿದವನದು. ಹೆಂಡತಿ ಮನೆಯಲ್ಲೇ ಇದ್ದಳು.

"ಯಾಕಪ್ಪಾ, ಆಟ ಇಲ್ಲೇನು?" ಎಂದು ಕೇಳಿದಳು.

"ಎಲ್ಲಿ ಆಟ ಅತ್ತಿಗೆ! ಮಷೀನ್ ಹತ್ತಿದ್ರೆ ಅರವತ್ಮೂರು! ಮೂರ್ ಕೆ.ಜಿ. ಔಟು! ಎಲ್ಲಾ ನಿಮ್ ಊಟದ ಮಹಿಮೆ. ದಿನಾ ಮಧ್ಯಾಹ್ನ ಆ ರೊಟ್ಟಿ, ಆ ಹೆಸರುಕಾಳು, ಆ ಮೊಟ್ಟೆ. ಹೆಂಗ್ ಬಿಡ್ಲಿ ಹೇಳಿ?"

ನಾನು ಹಿಂದಿನಿಂದ ಕಣ್ಣು ಹೊಡೆದೆ, ಕೆಮ್ಮಿದೆ, ಶಾಫ್ಟ್ ತುಂಡನ್ನು ನೆಲಕ್ಕೆ ಕುಕ್ಕಿದೆ. ಅವನಿಗೆ ತನ್ನ ಮೂರು ಕೆ.ಜಿ.ಯದೇ ಗೋಳು. ಮೂರು ತಿಂಗಳ ಪುರಾಣವನ್ನೆಲ್ಲ ಒದರಿದ ಮೇಲೆಯೇ ಅವನು ನನ್ನ ಮುಖ ನೋಡಿದ್ದು. ನೋಡಿದವನೇ "ನಾನ್ ಬರ್ತೀನಿ ಅತ್ತಿಗೆ" ಎಂದು ಬೈಕ್ ಸ್ಟಾರ್ಟ್ ಮಾಡಿದ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತಳು.

"ಡಾಕ್ಟರ್ ಮುಂದ ನಾ ತಲಿ ತಗ್ಗಿಸಿದ್ದು ನೋಡಿದ್ರಿ. ನಿಮ್ಮವ್ವ ಬೈದಿದ್ದೂ ಕೇಳಿದ್ರಿ. ನಾ ಅಳೋದೂ ಕೇಳಿದ್ರಿ. ನಿಮಗ ಕಾಲ್ ಮುರದೈತಿ ಅಂತ ಗೊತ್ತೈತಿ. ಬಾಯಿನೂ ಮುರದಿತ್ತೇನು?"

"ತೂಕ ಏರುತ್ತೆ ಅಂತ..." ಎಂದೆ.

"ನನ್ನ ಕೈಯಾಗ ಶಕ್ತಿ ಇಲ್ಲೇನೋ, ನನ್ನ ಅಡಿಗಿ ನಿಮ್ಮ ಮೈಗೆ ಹತ್ತವಲ್ದೇನೋ ಅಂತ ನಾ ಎಷ್ಟ್ ಹಲುಬೀನಿ ಗೊತ್ತೈತೇನ್ರಿ?" ಎಂದು ಎದ್ದುಹೋದಳು. ಎರಡು ದಿನ ಮಾತಿಲ್ಲ ಕಥೆಯಿಲ್ಲ. ಡಬ್ಬಿ ಮಾತ್ರ ಇಡುತ್ತಿದ್ದಳು. ನಾನು ಮೊದಲ ಸಲ ಆ ಡಬ್ಬಿಯನ್ನು ಪೂರಾ ತಿಂದೆ. ಗೆಳೆಯ ಹೇಳಿದ್ದು ಸುಳ್ಳಲ್ಲ.

ಮೂರನೇ ದಿನ ರಜೆ ಹಾಕಿ ಅವಳೇ ನನ್ನನ್ನು ಆಟೋದಲ್ಲಿ ಡಯಟಿಷಿಯನ್ ಹತ್ತಿರ ಕರೆದುಕೊಂಡು ಹೋದಳು. ಕನ್ನಡಕದ ಮೇಡಂ, ಮಾತು ನೇರ. "ಗುಟ್ಟೆಲ್ಲ ಹೇಳಿಬಿಡ್ರಿ ಅವರಿಗೆ" ಎಂದು ಹೆಂಡತಿ ನನ್ನನ್ನೇ ಮುಂದೆ ತಳ್ಳಿದಳು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಸೂಪು, ಮತ್ತೆ ಕಾಫಿ, ರಾತ್ರಿ ಅರ್ಧ ರೊಟ್ಟಿ, ಎರಡು ಹೊತ್ತು ವ್ಯಾಯಾಮ ಎಂದು ಒಪ್ಪಿಸಿದೆ. ತೂಕ ಇಳಿದ ಲೆಕ್ಕವನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಮೇಡಂ ಟೇಪ್ ತೆಗೆದು ನನ್ನ ಎರಡೂ ತೊಡೆ ಅಳೆದರು. ಬಲಗಡೆಯದು ಎಷ್ಟೋ ಸಣ್ಣಗಾಗಿತ್ತು. "ಪಟ್ಟಿಯಲ್ಲಿದ್ದ ಕಾಲು ಸಣ್ಣಗಾಗೋದು ಸಹಜ. ಆದ್ರೆ ಎಡಗಾಲೂ ಇಳಿದಿದೆ, ತೋಳೂ ಇಳಿದಿದೆ ನೋಡಿ. ಏನು ಕರಗಿದ್ದು ಅಂದ್ಕೊಂಡ್ರಿ? ನಿಮ್ಮ ಮೈಯಲ್ಲಿ ಕೊಬ್ಬು ಎಲ್ಲಿತ್ತು ಕರಗೋಕೆ? ಹೋಗಿದ್ದು ಮಾಂಸಖಂಡ."

"ಆಡ್ತಾ ಇಲ್ವಲ್ಲ ಮೇಡಂ, ಅದಕ್ಕೆ ಊಟ ಕಮ್ಮಿ ಸಾಕು ಅಂತ..."

"ನೀವು ಮಲಗಿದೀರಿ, ಒಳಗೆ ಗಾರೆ ಕೆಲಸ ನಡೀತಾ ಇದೆ. ಮೂಳೆ ಕಟ್ಟೋರು ಕಾಯ್ತಾ ಕೂತಿದಾರೆ, ನೀವು ಮರಳು ಸಿಮೆಂಟ್ ಕಳಿಸ್ತಿಲ್ಲ. ಕಳಿಸೋ ಅಷ್ಟಿಷ್ಟನ್ನೂ ಆ ಶಾಫ್ಟ್ ಎತ್ತೋಕೆ ಖರ್ಚು ಮಾಡ್ತಿದೀರಿ."

"ಹಂಗಾದ್ರೆ ವ್ಯಾಯಾಮ ಬಿಡ್ಲಾ?"

"ಯಾರು ಬಿಡಿ ಅಂದ್ರು? ಮಾಡಿ. ಕೈಗೂ ಒಳ್ಳೆ ಕಾಲಿಗೂ ಕೆಲಸ ಕೊಟ್ಟಷ್ಟೂ ಒಳ್ಳೇದೇ. ಆದ್ರೆ ಅದಕ್ಕೂ ತಿನ್ನಿ, ಮೂಳೆಗೂ ತಿನ್ನಿ."

ಕಾಲ್ ಸೂಪಿನ ವಿಷಯ ಕೇಳಿದೆ. ಮೇಡಂ ನಕ್ಕರು. ರುಚಿಗೆ ಕುಡಿಯಿರಿ, ಬೇಡ ಅನ್ನಲ್ಲ, ಆದರೆ ಮೂಳೆಯಲ್ಲಿರುವ ಕ್ಯಾಲ್ಸಿಯಂ ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ, ಅದನ್ನೇ ಊಟ ಅಂದುಕೊಂಡರೆ ಕೆಟ್ಟಿರಿ ಎಂದರು. ರೊಟ್ಟಿಯೋ ಮುದ್ದೆಯೋ ಎಂದು ಹೆಂಡತಿ ಮೆತ್ತಗೆ ಕೇಳಿದಳು. ಆ ಪ್ರಶ್ನೆಗೆ ಅವಳು ಎಷ್ಟು ದಿನದಿಂದ ಕಾದಿದ್ದಳೋ. "ಎರಡೂ ಒಳ್ಳೇದಮ್ಮ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದನ್ನೂ ಮಾಡಿ. ನಿಮ್ಮ ರೊಟ್ಟಿ ಡಬ್ಬಿಯಲ್ಲಿ ಏನೂ ತಪ್ಪಿರಲಿಲ್ಲ, ಅದು ಹೋಗಬೇಕಾದ ಹೊಟ್ಟೆಗೆ ಹೋಗಿಲ್ಲ ಅಷ್ಟೆ" ಎಂದರು. ಹೆಂಡತಿ ನನ್ನ ಕಡೆ ಒಂದು ನೋಟ ನೋಡಿದಳು. ಪಟ್ಟಿ ಒಳಗಿದ್ದ ಕಾಲೂ ಬೆವರಿತು.

ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಬಂದಿತ್ತು. ಮೂರು ತಿಂಗಳು ಕಿಟಕಿ ಒಳಗೆ ಬಿದ್ದುಕೊಂಡವನು, ಅದಕ್ಕೂ ಮುಂಚೆ ಹಗಲಿಡೀ ತಗಡಿನ ಶೆಡ್ಡಿನೊಳಗೆ ನಿಂತವನು. ಡಾಕ್ಟರು ಅದಕ್ಕೆ ವಾರಕ್ಕೊಂದು ಮಾತ್ರೆ ಕೊಟ್ಟರು. ಜೊತೆಗೆ ಕ್ಯಾಲ್ಸಿಯಂ ಮಾತ್ರೆ, ಅದು ಊಟ ಆದ ಮೇಲೆ, ಕಾಫಿ ಜೊತೆ ಬೇಡ ಎಂದು. ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನು, ಕೋಳಿ, ಇವುಗಳಲ್ಲಿ ಒಂದಾದರೂ ಪ್ರತಿ ಹೊತ್ತಿನಲ್ಲೂ ಇರಬೇಕು, ಒಂದೇ ಹೊತ್ತಿಗೆ ತುರುಕುವುದಲ್ಲ ಎಂದು ಮೇಡಂ ಒತ್ತಿ ಹೇಳಿದರು. ಸೀಬೆಹಣ್ಣು, ನೆಲ್ಲಿಕಾಯಿ ಮರೆಯಬೇಡಿ ಎಂದರು. ಎದ್ದು ಬರುವಾಗ ನಾನು ಕೊನೆಯ ಪ್ರಯತ್ನ ಮಾಡಿದೆ. "ತೂಕ ಅರವತ್ತು ದಾಟಿದ್ರೆ ಟೀಮಿಂದ ತೆಗೀತಾರೆ ಮೇಡಂ."

"ಮೂಳೆ ಕೂಡದೇ ಇದ್ರೆ ಇಟ್ಕೋತಾರಾ?" ಎಂದರು. ಬಾಯಿ ಮುಚ್ಚಿಕೊಂಡು ಬಂದೆ.

ಮನೆಯಲ್ಲಿ ಹೆಂಡತಿಯ ಆಡಳಿತ ಶುರುವಾಯಿತು. ತೂಕದ ಮಷೀನನ್ನು ಅಟ್ಟದ ಮೇಲೆ ಹಾಕಿ ಏಣಿಯನ್ನು ಪಕ್ಕದ ಮನೆಗೆ ಕೊಟ್ಟಳು. ಗೆಳೆಯನನ್ನು ಕರೆಸಿದಳು. ಅವನು ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದ. ಅವಳು ಅವನಿಗೊಂದು ಬೇರೆ ಡಬ್ಬಿ ಕೊಟ್ಟಳು. "ನೀ ಬಾರಪ್ಪಾ, ಬರಬ್ಯಾಡ ಅನ್ನಂಗಿಲ್ಲ. ಆದ್ರ ಇವರು ಉಂಡು ಮುಗಿಸಿದ ಮ್ಯಾಲೇ ನೀ ನಿನ್ನ ಡಬ್ಬಿ ತಗೀಬೇಕು. ಇವರ ಖಾಲಿ ತಾಟಿನ ಫೋಟೋ ನನಗ ಕಳಸಬೇಕು." ನನ್ನ ಊಟ ಕದ್ದವನೇ ನನ್ನ ಊಟದ ಕಾವಲುಗಾರನಾದ. ನಾನು ನಿಧಾನ ಮಾಡಿದರೆ "ಬೇಗ ತಿನ್ನೋ ಮಗಾ, ಹೊಟ್ಟೆ ಚುರುಗುಟ್ತಾ ಇದೆ" ಎಂದು ಗೋಗರೆಯುತ್ತಿದ್ದ. ಅವನ ಡಬ್ಬಿಯಲ್ಲಿ ರೊಟ್ಟಿ ಲೆಕ್ಕಕ್ಕೆ ಎರಡೇ, ಅವನು ಮತ್ತೆ ಅರವತ್ತಕ್ಕೆ ಇಳಿಯಬೇಕಿತ್ತಲ್ಲ.

ಎಂಟು ವಾರ ನಾನು ತಿಂದೆ. ಬೆಳಿಗ್ಗೆ ಎರಡು ಮೊಟ್ಟೆ, ರಾಗಿ ಅಂಬಲಿ. ಹನ್ನೊಂದಕ್ಕೆ ಕಡಲೆಕಾಯಿ, ಸೀಬೆಹಣ್ಣು. ಮಧ್ಯಾಹ್ನ ರೊಟ್ಟಿ, ಎಳ್ಳುಪುಡಿ, ಕಾಳುಪಲ್ಯ, ಮೊಸರು. ಸಂಜೆ ಹಾಲು. ರಾತ್ರಿ ಮುದ್ದೆ, ವಾರಕ್ಕೆರಡು ದಿನ ಮೀನಿನ ಸಾರು ಅಥವಾ ಕೋಳಿ. ಹತ್ತು ದಿನಕ್ಕೆಲ್ಲ ಮಧ್ಯಾಹ್ನ ಕಣ್ಣು ಕತ್ತಲೆ ಬರುವುದು ನಿಂತಿತು. ಸಿಟ್ಟು ಕಡಿಮೆಯಾಯಿತು ಎಂದು ನಾನು ಹೇಳಿದೆ, ಹೆಂಡತಿ ಒಪ್ಪಲಿಲ್ಲ. ಶಾಫ್ಟ್ ಎತ್ತುವುದೂ ಸುಲಭವಾಯಿತು. ಬೆಳಗಿನ ಬಿಸಿಲಿಗೆ ಮಹಡಿ ಮೆಟ್ಟಿಲಿನ ಮೇಲೆ ಕೂತು ಅದೇ ವ್ಯಾಯಾಮ ಮಾಡುತ್ತಿದ್ದೆ. ಡಾಕ್ಟರು ಹೇಳಿದಷ್ಟೇ ಭಾರ ಕಾಲಿನ ಮೇಲೆ ಬಿಟ್ಟು ವಾಕರ್ ಹಿಡಿದು ನಡೆಯುತ್ತಿದ್ದೆ. ಆದರೂ ಎಕ್ಸ್‌ರೇ ಹತ್ತಿರ ಬಂದಂತೆ ದಿನಕ್ಕೆರಡು ಸಲ ಕ್ಯಾಲೆಂಡರ್ ನೋಡುತ್ತಿದ್ದೆ. ತಿಂದದ್ದು ಮೂಳೆಗೆ ಹೋಯಿತೋ, ತಡವಾಯಿತೋ, ಯಾರಿಗೆ ಗೊತ್ತು? ಹಿಂದಿನ ದಿನ ಹೆಂಡತಿ ದೇವರ ಮುಂದೆ ಎರಡು ಸಲ ದೀಪ ಹಚ್ಚಿದಳು.

ಇಪ್ಪತ್ತನೇ ವಾರ. ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಪಕ್ಕದಲ್ಲಿ ಹಳೆಯದನ್ನೂ ಹಿಡಿದರು. ನನ್ನ ಹೆಂಡತಿ ನನ್ನ ಅಂಗಿಯ ತೋಳು ಹಿಡಿದಿದ್ದಳು, ಹಿಡಿದಿರುವುದು ಅವಳಿಗೇ ಗೊತ್ತಿರಲಿಲ್ಲ.

"ಇಲ್ಲಿ ನೋಡಿ" ಎಂದು ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಕಪ್ಪು ಗೆರೆಯ ಸುತ್ತ ಬೆಳ್ಳಗೆ, ಹತ್ತಿ ಅಂಟಿಸಿದ ಹಾಗೆ ಒಂದು ಉಬ್ಬು. "ಕೂಡ್ತಾ ಇದೆ. ಚೆನ್ನಾಗೇ ಕೂಡ್ತಾ ಇದೆ. ಆಪರೇಷನ್ ಬೇಡ."

"ಬ್ಯಾಡೇನ್ರೀ ಸರ್?" ಎಂದು ಅವಳು ಮತ್ತೆ ಕೇಳಿದಳು.

"ಬೇಡಮ್ಮ. ಇವತ್ತು ಸಿಮೆಂಟ್ ಪಟ್ಟಿ ತೆಗೆದು, ನಡೆಯೋಕೆ ಬಿಚ್ಚಿ ಕಟ್ಟೋ ಪಟ್ಟಿ ಕೊಡ್ತೀನಿ. ಊಟ ಒಂದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಟೈಮೂ ಬೇಕಿತ್ತು. ಆದ್ರೆ ಉಪವಾಸ ಇದ್ದು ಯಾರ ಮೂಳೆಯೂ ಕೂಡಲ್ಲ."

ಅಬ್ಬಾ ಎಂದು ನಾನು ಬಿಟ್ಟ ಉಸಿರು ಹೊರಗೆ ಕಾದು ಕೂತವರಿಗೂ ಕೇಳಿಸಿರಬೇಕು. ಐದು ತಿಂಗಳಿಂದ ಎದೆ ಮೇಲೆ ಕೂತಿದ್ದ ಭಾರ ಇಳಿದು ಮೈ ಹಗುರಾಯಿತು. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಹೆಂಡತಿ ಫೋನ್ ತೆಗೆದಳು. "ಅತ್ತಿಯವರಿಗೆ ಹೇಳ್ರಿ ಮೊದಲ. ಪಾಪ, ಕಾಯಕತ್ತಿರ್ತಾರ" ಎಂದು ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು.

"ಕೂಡ್ತಂತೆ ಕಣಮ್ಮ. ಆಪರೇಷನ್ ಇಲ್ಲ" ಎಂದೆ.

ಅಮ್ಮ ಊರಿನ ದೇವರನ್ನೆಲ್ಲ ಕರೆದಳು. ಆಮೇಲೆ ಅಂದಳು: "ನೋಡ್ದಾ? ನಾನು ಅವತ್ತು ಬೈದಿದ್ದಕ್ಕೆ ನೆಟ್ಟಗೆ ಮಾಡಾಕ್ತಾವ್ಳೆ. ಬೈದಿರ್ಲಿಲ್ಲ ಅಂದಿದ್ರೆ ನಿನ್ ಕಾಲು ಹೋಗ್ತಿತ್ತು."

ಹೆಂಡತಿಗೆ ಅದು ಕೇಳಿಸಿತು. ಅವಳು ಮುಖ ಆ ಕಡೆ ತಿರುಗಿಸಿ ಎಕ್ಸ್‌ರೇ ಕವರನ್ನು ಚೀಲಕ್ಕೆ ಸೇರಿಸತೊಡಗಿದಳು. ಎಂಟು ವಾರದಲ್ಲಿ ಅವಳು ಒಮ್ಮೆಯೂ ಅಮ್ಮನಿಗೆ ನನ್ನ ಕಥೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಅಮ್ಮಾ, ಅವಳು ಮೊದಲ ದಿನದಿಂದಲೂ ನೆಟ್ಟಗೇ ಮಾಡಾಕಿದ್ಲು" ಎಂದೆ. "ಮೂರು ತಿಂಗಳು ಅವಳು ಕಟ್ಟಿಟ್ಟ ಊಟ ನಾನು ತಿನ್ನಲೇ ಇಲ್ಲ. ತೂಕ ಏರುತ್ತೆ ಅಂತ ಬೇರೆಯೋರಿಗೆ ಕೊಟ್ಟು, ತಿಂದೆ ಅಂತ ಸುಳ್ಳು ಹೇಳ್ದೆ. ನೀನು ಅವಳಿಗೆ ಬಯ್ತಿದ್ದಾಗ ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ತಪ್ಪು ನಂದಮ್ಮ."

ಫೋನ್ ಕಟ್ಟಾಯಿತೇನೋ ಎಂದು ನೋಡಿದೆ. ಆಮೇಲೆ ಅಮ್ಮ, "ಅವ್ಳಿಗ್ ಕೊಡು ಫೋನಾ" ಎಂದಳು.

ಕೊಟ್ಟೆ. ಅಮ್ಮನ ಗಂಟಲಿಗೆ ಆವತ್ತೂ ಸ್ಪೀಕರ್ ಬೇಕಾಗಲಿಲ್ಲ. "ತಪ್ಪಾಯ್ತು ಕಣವ್ವ" ಎಂದಳು. ನನ್ನ ಅಪ್ಪನಿಗೂ ಅವಳು ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಇರ್ಲಿ ಬಿಡ್ರಿ ಅತ್ತಿ. ಎಲುಬು ಕೂಡೈತಲ್ಲ, ಅಷ್ಟು ಸಾಕು" ಎಂದಳು ನನ್ನ ಹೆಂಡತಿ. ಫೋನ್ ಇಟ್ಟು, ಬಂದು ಹೋಗುವವರನ್ನೆಲ್ಲ ಲೆಕ್ಕಿಸದೆ, ಸೆರಗು ಬಾಯಿಗಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಗಟ್ಟಿಯಾಗಿ ಅತ್ತಳು.